ಇಸಿ ಚೊಕ್ಕವಾಗಿದೆ, ಆದರೆ ಕೊಂಡಿ ಕೂಡುತ್ತದೆಯೇ?

ಸೈಟ್ ಮಾರುವವರು ಮೊದಲು ಕೈಗಿಡುವುದು ಇಸಿ, ಅಂದರೆ ಋಣಭಾರ ಪತ್ರ. ಅದರಲ್ಲಿ ಅಡಮಾನ ಕಾಣದಿದ್ದರೆ ನಾವು ‘ಎಲ್ಲ ಕ್ಲಿಯರ್’ ಅಂದುಕೊಳ್ಳುತ್ತೇವೆ. ಆದರೆ ಇಸಿಯಲ್ಲಿ ಬರುವುದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದದ್ದು ಮಾತ್ರ. ಆಗಬೇಕಿದ್ದ ನೋಂದಣಿ ಆಗದೇ ಉಳಿದಿದ್ದರೆ ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಈಗಿನ ಮಾಲೀಕರ ಕ್ರಯಪತ್ರದಿಂದ ಶುರು ಮಾಡಿ. ಅವರಿಗೆ ಮಾರಿದವರಿಗೆ ಆ ಸೈಟ್ ಹೇಗೆ ಬಂತು ಎಂಬುದು ಸಾಮಾನ್ಯವಾಗಿ ಪತ್ರದ ಮೊದಲ ಪುಟಗಳಲ್ಲೇ ಇರುತ್ತದೆ. ಅದನ್ನು ಹಿಡಿದು ಹಿಂದಿನ ಪತ್ರ ಕೇಳಿ. ಹೀಗೇ ಒಬ್ಬರಿಂದ ಇನ್ನೊಬ್ಬರಿಗೆ ಬಂದ ಒಂದೊಂದೇ ಕೊಂಡಿ ಹಿಡಿದು ಮೂಲ ಪತ್ರದವರೆಗೆ ಹೋಗಿ. ಯಾರಿಂದ ಯಾರಿಗೆ, ದಿನಾಂಕ, ನೋಂದಣಿ ಸಂಖ್ಯೆ, ಅಳತೆ, ಚಕ್ಕುಬಂದಿ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಆಮೇಲೆ 30 ವರ್ಷದ ಇಸಿಗೆ ನೀವೇ ಅರ್ಜಿ ಹಾಕಿ. ಮಾರುವವರು ಕೊಟ್ಟ ಜೆರಾಕ್ಸ್ ನಂಬಬೇಡಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುವುದು ಸುಮಾರು 2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಸೈಟ್ ನಂಬರ್ ಕೊಟ್ಟು ಒಂದು, ಬಡಾವಣೆಗೆ ಮುಂಚಿನ ಸರ್ವೆ ನಂಬರ್ ಕೊಟ್ಟು ಇನ್ನೊಂದು ತೆಗೆಸಿ. ನೀವು ಕೊಟ್ಟ ವಿವರಕ್ಕೆ ಹೊಂದುವುದನ್ನಷ್ಟೇ ಹುಡುಕುತ್ತಾರೆ, ಹಾಗಾಗಿ ನಂಬರ್ ಬೇರೆ ಥರ ಬರೆದಿದ್ದರೆ ಒಂದು ವ್ಯವಹಾರವೇ ತಪ್ಪಿಹೋಗಬಹುದು.

ಈಗ ಹಾಳೆಯನ್ನೂ ಇಸಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. 30x40 ಸೈಟ್. 1996ರಲ್ಲಿ ಒಬ್ಬರು ತಮ್ಮ ದುಡಿಮೆಯಲ್ಲಿ ಕೊಂಡರು. 2012ರಲ್ಲಿ ಅವರ ಮಗ ಅದನ್ನು ಈಗಿನ ಮಾಲೀಕರಿಗೆ ಮಾರಿದ. ಇಸಿಯಲ್ಲಿ ಎರಡೂ ಕ್ರಯ ಇವೆ, ಸಾಲವಿಲ್ಲ. ಆದರೆ ಅಪ್ಪನಿಂದ ಮಗನಿಗೆ ಹೇಗೆ ಬಂತು? ಕೇಳಿದರೆ, 2008ರಲ್ಲಿ ಅಪ್ಪ ತೀರಿಕೊಂಡ ಮೇಲೆ ಖಾತೆ ಮಗನ ಹೆಸರಿಗೆ ಆಯಿತು ಎನ್ನುತ್ತಾರೆ. ಎಡವುವುದು ಇಲ್ಲೇ. ಖಾತೆ ಇರುವುದು ತೆರಿಗೆಗೆ, ಅದರಿಂದ ಮಾಲೀಕತ್ವ ಬರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯದೆ ಹೋದವರ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಇವರಲ್ಲದೆ ತೀರಿಹೋದವರ ತಾಯಿ ಬದುಕಿದ್ದರೆ ಅವರಿಗೂ ಉಂಟು. ಈ ಮನೆಯಲ್ಲಿ ಮದುವೆಯಾಗಿ ಹೋದ ಮಗಳೊಬ್ಬಳಿದ್ದರೆ, ಆಕೆಯ ಸಹಿ ಎಲ್ಲೂ ಇಲ್ಲ ಅಲ್ವಾ? ನಾಳೆ ಆಕೆ ತನ್ನ ಪಾಲು ಕೇಳಿದರೆ ಕೋರ್ಟಿಗೆ ಅಲೆಯುವವರು ನೀವು.

ಇದಕ್ಕೆ ದಾರಿ ಇಲ್ಲದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ತರಿಸಿ. ಬಿಟ್ಟುಹೋದ ವಾರಸುದಾರರೆಲ್ಲ ನೋಂದಾಯಿತ ಪತ್ರಕ್ಕೆ ಸಹಿ ಹಾಕಲಿ. ಅದನ್ನು ಹಕ್ಕು ಖುಲಾಸೆ ಪತ್ರವಾಗಿಯೋ ನಿಮ್ಮ ಕ್ರಯಪತ್ರದಲ್ಲೇ ಅವರನ್ನು ಸೇರಿಸಿಯೋ ಮಾಡಬಹುದು. ಯಾವುದು ಎಂದು ವಕೀಲರು ಹೇಳುತ್ತಾರೆ. ಅಲ್ಲಿಯವರೆಗೆ ಮುಂಗಡ ಬೇಡ.

ನಡುವೆ ಎಲ್ಲಾದರೂ ಬರೀ ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರದ ಮೇಲೆ ಸೈಟ್ ಕೈಬದಲಾಗಿದ್ದರೂ ಅದು ಮುರಿದ ಕೊಂಡಿಯೇ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೊನೆಗೆ ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ನೋಂದಣಿಯಾಗದಿದ್ದರೆ ಇಸಿಯಲ್ಲಿ ಬರುವುದಿಲ್ಲ. ‘ಒರಿಜಿನಲ್ ಊರಲ್ಲಿದೆ’ ಎಂದರೆ ಅನುಮಾನ ಪಡಿ. ಸಿಕ್ಕ ಒರಿಜಿನಲ್ ಅಸಲಿಯೇ ಎಂದು ತಿಳಿಯಲು ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತಂದು ಪುಟ ಪುಟ ತಾಳೆ ನೋಡಿ.