ಹಾರ, ಶಾಲು, ಹೂಗುಚ್ಛ: ಸನ್ಮಾನದ ವೇದಿಕೆಯಲ್ಲಿ ನಾನು ನೋಡಿಕೊಳ್ಳುವ ಕೆಲಸ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಲ್ಲಿ ಸನ್ಮಾನವಿಲ್ಲದ ಕಾರ್ಯಕ್ರಮ ಕಡಿಮೆ. ತಾಳಮದ್ದಳೆ ಇರಲಿ, ಗ್ರಂಥಾಲಯದ ವಾರ್ಷಿಕೋತ್ಸವ ಇರಲಿ, ಮಾಷ್ಟ್ರೊಬ್ಬರು ಶಾಲೆಯಿಂದ ನಿವೃತ್ತರಾಗುವುದಿರಲಿ, ನಡುವೆ ಒಂದು ಶಾಲು, ಒಂದು ಹಾರ, ಹರಿವಾಣದಲ್ಲಿ ಹಣ್ಣು, ಸ್ಮರಣಿಕೆ ಇದ್ದೇ ಇರುತ್ತದೆ. ಹೆಸರು ಕರೆಯುವುದು, ಅಭಿನಂದನಾ ಮಾತಾಡುವುದು ಬೇರೆಯವರ ಕೆಲಸ. ಹರಿವಾಣ ಸಿದ್ಧ ಮಾಡಿ, ಯಾವುದು ಮೊದಲು ಯಾವುದು ಆಮೇಲೆ ಎಂದು ನೋಡಿ ಕೈಗೆ ಕೊಡುವುದು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಈ ಕೆಲಸ ಸಭೆಯ ದಿನ ಶುರುವಾಗುವುದಲ್ಲ. ಸನ್ಮಾನ ಯಾರಿಗೋ ಅವರ ಮನೆಗೆ ಮೊದಲೇ ಒಮ್ಮೆ ಹೋಗಿ ಬರುತ್ತೇನೆ. ಆಮಂತ್ರಣ ಕೊಡುವ ನೆವ ಸಾಕು. ಕೇಳಬೇಕಾದದ್ದು ಸ್ವಲ್ಪವೇ: ಹೂವಿನ ಪರಿಮಳದಿಂದ ಕೆಮ್ಮು, ದಮ್ಮು ಬರುತ್ತದೆಯೇ? ಎಷ್ಟು ಹೊತ್ತು ನಿಲ್ಲಬಹುದು? ಹಾರ ಕೊರಳಿಗೆ ಹಾಕಿಸಿಕೊಳ್ಳುವ ಕ್ರಮ ಇದೆಯೇ, ಇಲ್ಲವೇ? ಮಠದ ಸ್ವಾಮಿಗಳಾದರೆ ನಾವು ಕೊರಳಿಗೆ ಹಾಕಲು ಹೋಗುವುದಿಲ್ಲ. ಹರಿವಾಣದಲ್ಲಿಟ್ಟು ಸಮರ್ಪಿಸುತ್ತೇವೆ, ಮಠದವರೇ ಮುಂದಿನದನ್ನು ನೋಡಿಕೊಳ್ಳುತ್ತಾರೆ. ಮುಸ್ಲಿಂ ಹಿರಿಯರಲ್ಲಿ ಕೆಲವರು ಹಾರ ಬೇಡ, ಶಾಲು ಸಾಕು ಎನ್ನುತ್ತಾರೆ, ಕೆಲವರಿಗೆ ಎರಡೂ ಅಡ್ಡಿಯಿಲ್ಲ. ಊಹಿಸುವುದಕ್ಕಿಂತ ಕೇಳುವುದೇ ಮರ್ಯಾದೆ. ಹೆಂಗಸರಿಗೆ ಸನ್ಮಾನವಾದರೆ ಹಾರ ಹಾಕಲು ಒಬ್ಬ ಹೆಂಗಸನ್ನೇ ಗೊತ್ತುಮಾಡುತ್ತೇನೆ. ಹೆಣ್ಣು ಗಂಡು ಪರಸ್ಪರ ಹಾರ ಹಾಕುವುದನ್ನು ನಮ್ಮ ಜನ ನೋಡಿರುವುದು ಮದುವೆ ಮಂಟಪದಲ್ಲಿ. ಅದು ನೆನಪಾಗಿ ಸಭೆಯಲ್ಲಿ ಯಾರಾದರೂ ಕಿಸಕ್ಕೆಂದರೆ ವೇದಿಕೆಯ ಮೇಲಿದ್ದವರಿಗೆ ನೋವು. ಅಧ್ಯಕ್ಷರು ಗಂಡಸಾಗಿದ್ದು ಅವರೇ ಕೊಡಬೇಕೆಂದಿದ್ದರೆ ಹಾರವನ್ನು ಕೈಗೆ ಕೊಡಿಸುತ್ತೇನೆ.

ಒಬ್ಬ ಹಿರಿಯ ಮದ್ದಳೆಗಾರರ ಸನ್ಮಾನದ ವಿವರ ಹೇಳಿದರೆ ಕ್ರಮ ಅರ್ಥವಾದೀತು. ಮನೆಗೆ ಹೋದಾಗ ಅವರು ಚಾವಡಿಯಲ್ಲಿ ಕೂತು, "ನೋಡಿ ಮಾಷ್ಟ್ರೇ, ಈ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಹಾರ ಹಾಕುವುದು ಹಾಕಿ, ತೆಗೀಲಿಕ್ಕೆ ಯಾರಾದರೂ ಹತ್ತಿರ ಇರಬೇಕು" ಎಂದರು. ಆ ಒಂದು ಮಾತಿನಿಂದ ಹಾರದ ಉದ್ದ, ತೂಕ, ಕುರ್ಚಿ, ನಿಲ್ಲುವ ಜಾಗ ಎಲ್ಲವೂ ತೀರ್ಮಾನವಾಯಿತು.

ಮೊದಲು ಹಾರ. ಗುಲಾಬಿ ಎಸಳು, ಚೆಂಡುಹೂ, ಜರಿ ನೂಲು ಎಲ್ಲ ಸೇರಿಸಿ ಹಗ್ಗದಷ್ಟು ದಪ್ಪ ಕಟ್ಟಿದ ಹಾರ ಫೋಟೋದಲ್ಲಿ ಚಂದ ಕಾಣುತ್ತದೆ, ಎಂಬತ್ತು ದಾಟಿದವರ ಕೊರಳಿಗೆ ಅದು ಭಾರ. ಒದ್ದೆಯಾದ ಚೆಂಡುಹೂ ಬಿಳಿ ಪಂಚೆ ಶಾಲಿಗೆ ಹಳದಿ ಕಲೆ ಬಿಡುತ್ತದೆ. ಜರಿ ನೂಲು ಕೊರಳಿನ ಹಿಂಬದಿ ಗೀಚುತ್ತದೆ. ಸುಗಂಧರಾಜದ ಹಾರದೊಳಗೆ ಇರುವೆ ಇದ್ದರೆ ಹೊರಗಿಂದ ತಿಳಿಯುವುದಿಲ್ಲ. ಒಂದು ಬಿಳಿ ಬೈರಾಸಿನ ಮೇಲೆ ಮೆಲ್ಲಗೆ ಕೊಡವಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮದ್ದಳೆಗಾರರಿಗೆ ನಾನು ಹೇಳಿದ್ದು ಮಲ್ಲಿಗೆಯ ತೆಳು ಹಾರ. ನಮ್ಮ ಕಡೆ ಮಲ್ಲಿಗೆಯನ್ನು ಬಾಳೆಯ ನಾರಿನಲ್ಲಿ ಕಟ್ಟುತ್ತಾರೆ, ಅದು ಕೊರಳಿಗೆ ಮೆತ್ತಗೆ. ಉಡುಪಿ ಶಂಕರಪುರದ ಮಲ್ಲಿಗೆ ಚೆಂಡು, ಅಟ್ಟೆ ಲೆಕ್ಕದಲ್ಲಿ ಸಿಗುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಒಂದು ಚೆಂಡಿಗೆ 800 ಹೂವಿನ ಲೆಕ್ಕ. ಮದುವೆಯ ದಿನಗಳಲ್ಲೂ ಮಳೆಗಾಲದಲ್ಲೂ ಅಟ್ಟೆಯ ದರ ಏಕಾಏಕಿ ಏರುವುದರಿಂದ ಹೂವಿನವರಿಗೆ ಹಿಂದಿನ ದಿನವೇ ಹೇಳಿಡಬೇಕು. ಮಲ್ಲಿಗೆ ಸಿಗದಿದ್ದರೆ ಬಿಳಿ ಸೇವಂತಿಗೆ ಆದೀತು. ತುಳಸಿ ಹಾರ ಹಗುರ, ಕಲೆಯೂ ಬಿಡದು, ಆದರೆ ದೇವರಿಗೆ ಸಲ್ಲುವ ತುಳಸಿಯನ್ನು ಮನುಷ್ಯರ ಕೊರಳಿಗೆ ಹಾಕಬಾರದು ಎನ್ನುವ ಹಿರಿಯರಿದ್ದಾರೆ. ಕೇಳದೆ ತರುವುದಿಲ್ಲ.

ಉದ್ದದಲ್ಲಿ ಬಹಳ ಮಂದಿ ತಪ್ಪುತ್ತಾರೆ. ನಿಂತವರಿಗೆ ಹಾರದ ಕುಚ್ಚು ಹೊಕ್ಕುಳಿನ ಹತ್ತಿರ ಬಂದರೆ ಸರಿ. ಕೂತವರಿಗೆ ಅಷ್ಟೇ ಉದ್ದದ ಹಾರ ತೊಡೆಯ ಮೇಲೆ ಮುದ್ದೆಯಾಗುತ್ತದೆ. ಅವರಿಗೆ ಎದೆಯಿಂದ ನಾಲ್ಕು ಬೆರಳು ಕೆಳಗೆ ನಿಂತರೆ ಸಾಕು. ಆದರೆ ಗಿಡ್ಡ ಮಾಡುವ ಭರದಲ್ಲಿ ತಲೆ ತೂರದಷ್ಟು ಮಾಡಬಾರದು. ಕನ್ನಡಕ ಹಾಕಿದ ತಲೆ ಸಲೀಸಾಗಿ ದಾಟಬೇಕು. ನನ್ನ ತಲೆಯಲ್ಲೇ ಒಮ್ಮೆ ಹಿಡಿದು ನೋಡುವುದಿಲ್ಲ, ಇನ್ನೊಬ್ಬರಿಗೆಂದು ತಂದ ಹೂವನ್ನು ಹಾಗೆ ಮಾಡುವುದು ಸರಿಯಲ್ಲ. ನೂಲಿನಿಂದ ಅಳತೆ ತೆಗೆದು ಹೂವಿನವರಿಗೆ ಕೊಡುತ್ತೇನೆ.

ಹಾರವನ್ನು ಸಭೆಯ ಹೊತ್ತಿನವರೆಗೆ ಬಾಳೆ ಎಲೆಯಲ್ಲಿ ಸುತ್ತಿ, ಮೇಲಿಂದ ಒದ್ದೆ ಬಟ್ಟೆ ಹಾಸಿ ನೆರಳಲ್ಲಿ ಇಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ಬೆವತು, ಸಂಜೆಗೆ ಮಲ್ಲಿಗೆ ಕಂದುಬಣ್ಣಕ್ಕೆ ತಿರುಗುತ್ತದೆ. ವೇದಿಕೆಗೆ ಒಯ್ಯುವ ಸ್ವಲ್ಪ ಮೊದಲು ಬಿಡಿಸಿ ನೀರು ಕೊಡವುತ್ತೇನೆ. ಹನಿ ತೊಟ್ಟಿಕ್ಕುವ ಹಾರ ಬೆನ್ನಿಗೆ ಬಿದ್ದರೆ ಯಾರಾದರೂ ಬೆಚ್ಚುತ್ತಾರೆ.

ಶಾಲಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಪೇಟೆಯಲ್ಲಿ ಸಿಗುವ ಮಿರುಗುವ ಪಾಲಿಯೆಸ್ಟರ್ ಶಾಲು ನಮ್ಮ ಏಪ್ರಿಲ್, ಮೇ ಸೆಖೆಯಲ್ಲಿ ಹೊದ್ದವರನ್ನು ಬೇಯಿಸುತ್ತದೆ, ಜಾರಿ ಜಾರಿ ಬೀಳುತ್ತದೆ, ಮನೆಗೆ ಹೋದ ಮೇಲೆ ಉಪಯೋಗಕ್ಕೂ ಬರುವುದಿಲ್ಲ. ಕಲಾವಿದರ ಮನೆಗಳಲ್ಲಿ ಕಪಾಟು ತುಂಬ ಅಂತಹವು ಇವೆ. ಶಾಲು ಹೊದಿಸುವುದೆಂದರೆ ದೊಡ್ಡವರನ್ನು ಬೆಚ್ಚಗೆ ನೋಡಿಕೊಳ್ಳುತ್ತೇವೆ ಎಂದು ಸಭೆಯ ಮುಂದೆ ಹೇಳಿದಂತೆ, ಆ ಬಟ್ಟೆ ಮೈಗೆ ಹಿತವಾಗಿರಬೇಡವೇ? ಕಾಸರಗೋಡು ಸೀರೆ ನೇಯುವ ಊರು ನಮ್ಮದು. ಕೈಮಗ್ಗದ ಹತ್ತಿ ಬಟ್ಟೆ ಹುಡುಕಿದರೆ ಸಿಗುತ್ತದೆ. ಮದ್ದಳೆಗಾರರಿಗೆ ಅಂಚುಳ್ಳ ಹತ್ತಿಯ ಶಾಲನ್ನೇ ತಂದೆ. ಅಂಗಡಿಯ ಕವರು, ಬೆಲೆಯ ಚೀಟಿ, ಮುಖ್ಯವಾಗಿ ಗುಂಡುಸೂಜಿ, ಎಲ್ಲ ಮನೆಯಲ್ಲೇ ತೆಗೆದು, ಉದ್ದಕ್ಕೆ ಮೂರು ಮಡಿಕೆ ಮಾಡಿ ಅಂಚು ಹೊರಗೆ ಕಾಣುವಂತೆ ಹರಿವಾಣದಲ್ಲಿ ಇಟ್ಟೆ. ಹೊದಿಸುವವರು ನಡುಭಾಗದಿಂದ ಒಂದೊಂದು ಗೇಣು ಆಚೆ ಈಚೆ ಹಿಡಿದರೆ, ಹಿಡಿದ ಜಾಗ ನೇರ ಎರಡು ಭುಜಕ್ಕೆ ಬರುತ್ತದೆ. ತುದಿಯಲ್ಲಿ ಹಿಡಿದು ಬೀಸಿದರೆ ಶಾಲು ಮುಖಕ್ಕೆ ಬಡಿಯುತ್ತದೆ.

ಯಾವುದು ಮೊದಲು? ಶಾಲು, ಅದರ ಮೇಲೆ ಹಾರ, ಪೇಟ ಇದ್ದರೆ ಆಮೇಲೆ, ಮತ್ತೆ ಫಲತಾಂಬೂಲದ ಹರಿವಾಣ, ಸನ್ಮಾನಪತ್ರ, ಸ್ಮರಣಿಕೆ. ಹಾರ ಮೊದಲು ಹಾಕಿದರೆ ಶಾಲಿನಡಿಯಲ್ಲಿ ಹೂ ನಲುಗುತ್ತದೆ. ಪೇಟ ಮೊದಲು ಇಟ್ಟರೆ ಹಾರ ಅದಕ್ಕೆ ಸಿಕ್ಕಿ ಪೇಟ ಹಾರಿಬೀಳುತ್ತದೆ. ಒಂದು ಸಭೆಯಲ್ಲಿ ಹಾಗೆ ಬಿದ್ದ ಪೇಟವನ್ನು ಸನ್ಮಾನಿತರೇ ಬಗ್ಗಿ ಹೆಕ್ಕಿದ್ದನ್ನು ಕಂಡಿದ್ದೇನೆ. ಎಷ್ಟು ಸಂಕಟ ಅದು.

ಮದ್ದಳೆಗಾರರನ್ನು ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿದೆವು, ಕೈಯಿರುವ ಕುರ್ಚಿಗೆ ಶಾಲು ಸಿಕ್ಕಿಕೊಳ್ಳುತ್ತದೆ. ಅವರ ಮೊಮ್ಮಗನನ್ನು ಎಡಬದಿಯಲ್ಲಿ ನಿಲ್ಲಿಸಿದೆ. ಹಾರ ಹಾಕುವ ಅಧ್ಯಕ್ಷರಿಗೆ ಮೊದಲೇ ಹೇಳಿದ್ದೆ: ಎರಡು ಹೆಬ್ಬೆರಳಿನಿಂದ ಹಾರವನ್ನು ಅಗಲ ಮಾಡಿ ಹಿಡಿಯಿರಿ, ಕುಚ್ಚು ನಿಮ್ಮ ಕಡೆಗಿರಲಿ, ಕನ್ನಡಕ ದಾಟಿದ ಮೇಲೆ ಕೈಬಿಡಿ, ಫೋಟೋದವರಿಗಾಗಿ ಹಾರ ಹಿಡಿದುಕೊಂಡು ನಿಲ್ಲಬೇಡಿ. ಫೋಟೋದವರಿಗೂ ಹೇಳಿದ್ದೆ, ಹಾರ ಬಿದ್ದ ಮೇಲೆ ನಿಮಗೆ ಸಮಯ ಕೊಡುತ್ತೇವೆ ಎಂದು. ತಲೆ ಬಾಗಿಸಿದ ಹಿರಿಯರ ಕತ್ತು ಕ್ಯಾಮರಾ ಸರಿಯಾಗುವವರೆಗೆ ಬಾಗಿಯೇ ಇರಬೇಕಾಗಿ ಬರುವುದು ನನಗೆ ಸಹಿಸದ ಸಂಗತಿ.

ಸ್ವೀಕರಿಸುವುದನ್ನು ನಾನು ಕಲಿತದ್ದು ಆ ದಿನ ಅವರನ್ನು ನೋಡಿ. ಶಾಲು ಭುಜಕ್ಕೆ ಬಂದಾಗ ಎಡಗೈಯಿಂದ ಅಂಚು ಹಿಡಿದು ಕಣ್ಣಿಗೊತ್ತಿಕೊಂಡರು. ಹಾರ ಬರುವಾಗ ಕತ್ತು ಸ್ವಲ್ಪ ಮುಂದೆ ತಂದು, ಕೈಗಳನ್ನು ತೊಡೆಯ ಮೇಲೆಯೇ ಬಿಟ್ಟರು. ಎಷ್ಟೋ ಮಂದಿ ಸಂಕೋಚದಿಂದ ಹಾರವನ್ನು ಅರ್ಧದಾರಿಯಲ್ಲೇ ಕೈಯಿಂದ ತಡೆದು ಹಿಡಿಯುತ್ತಾರೆ. ಅವರ ಮನಸ್ಸಿನಲ್ಲಿರುವುದು ವಿನಯ, ಸಭೆಗೆ ಕಾಣುವುದು ನಿರಾಕರಣೆ. ಬೇಡವೆಂದಿದ್ದರೆ ಮನೆಯಲ್ಲೇ ಹೇಳಬೇಕು, ವೇದಿಕೆಯಲ್ಲಿ ಒಪ್ಪಬೇಕು. 2023ರ ಮೇ ತಿಂಗಳಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೂ, ಶಾಲು ಬೇಡ, ಕೊಡುವುದಾದರೆ ಪುಸ್ತಕ ಕೊಡಿ ಎಂದು ಮುಂಚಿತವಾಗಿಯೇ ತಿಳಿಸಿದ್ದರು. ಹೀಗೆ ಮೊದಲೇ ಹೇಳಿದರೆ ತಂದವರ ಮುಖ ಬಾಡುವುದಿಲ್ಲ.

ಹಾರ ಬಿದ್ದ ಮೇಲೆ ಕೈಮುಗಿದು, ಫೋಟೋ ಆಗುವಷ್ಟು ಹೊತ್ತು ಇಟ್ಟುಕೊಂಡು, ಮತ್ತೆ ತೆಗೆಯಬಹುದು. ಎರಡೂ ಕೈಯಿಂದ ಎತ್ತಿ ಮೇಜಿನ ಮೇಲೆ ಇಡಬೇಕು, ಕುರ್ಚಿಯ ಬೆನ್ನಿಗೆ ನೇತುಹಾಕಬಾರದು, ನೆಲದಲ್ಲಂತೂ ಇಡಲೇಬಾರದು. ಮದ್ದಳೆಗಾರರ ಹಾರವನ್ನು ಮೊಮ್ಮಗ ತೆಗೆದ. ಅವರು ಅದನ್ನು ಕೈಯಲ್ಲಿ ತೆಗೆದುಕೊಂಡು ಪಕ್ಕದಲ್ಲಿದ್ದ ತಮ್ಮ ಮದ್ದಳೆಯ ಮೇಲಿಟ್ಟರು. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ. ಶಾಲನ್ನು ಮಾತ್ರ ಉತ್ತರದ ಮಾತು ಮುಗಿಯುವವರೆಗೆ ಹೊದ್ದೇ ಇದ್ದರು, ಅದೇ ಸರಿಯಾದ ಕ್ರಮ. ಸೆಖೆಯಾದರೆ ಮಡಚಿ ಎಡಭುಜಕ್ಕೆ ಹಾಕಿಕೊಂಡರೂ ಗೌರವಕ್ಕೆ ಕೊರತೆಯಿಲ್ಲ.

ಹೂಗುಚ್ಛ ನಮ್ಮಲ್ಲಿ ಹೆಚ್ಚಾಗಿ ಅಧಿಕಾರಿಗಳಿಗೆ, ಚಂದ್ರಗಿರಿ ಹೊಳೆಯಾಚೆಯಿಂದ ಬರುವ ಮಲಯಾಳಿ ಅತಿಥಿಗಳಿಗೆ. ಅವರಲ್ಲೂ ಪೊನ್ನಾಡ ಹೊದಿಸುವ ಕ್ರಮವಿದೆ, ಆದ್ದರಿಂದ ಶಾಲು ಅವರಿಗೆ ಹೊಸತಲ್ಲ. ಹೂಗುಚ್ಛದಲ್ಲಿ ಒಂದು ಎಚ್ಚರ: ದುಂಡಗೆ, ಬರೀ ಬಿಳಿ ಹೂವಿನಿಂದ ಮಾಡಿದ್ದನ್ನು ತರುವುದಿಲ್ಲ. ಕೇರಳದಲ್ಲಿ ಗಣ್ಯರು ತೀರಿಕೊಂಡಾಗ ಇಡುವ ರೀತ್ ಎಂಬ ಹೂಚಕ್ರ ದುಂಡಗಿರುತ್ತದೆ, ದೂರದಿಂದ ನೋಡಿದವರಿಗೆ ಅದೇ ನೆನಪಾಗುತ್ತದೆ. ಪ್ಲಾಸ್ಟಿಕ್ ಸುತ್ತಿದ್ದೂ ಬೇಡ, ಮೈಕಿನ ಹತ್ತಿರ ಅದರ ಪರಪರ ಸದ್ದು ಇಡೀ ಸಭೆಗೆ ಕೇಳುತ್ತದೆ. ನಾಲ್ಕಾರು ಹೂ, ಎರಡು ಎಲೆ, ಬಾಳೆ ನಾರಿನ ಕಟ್ಟು ಸಾಕು. ತೆಗೆದುಕೊಳ್ಳುವವರು ಎರಡೂ ಕೈಯಿಂದ ಕಟ್ಟಿನ ಕೆಳಗೆ ಹಿಡಿದು, ಒಂದು ಕ್ಷಣ ಎದೆಯ ಹತ್ತಿರ ಇಟ್ಟುಕೊಂಡು, ಮತ್ತೆ ಪಕ್ಕದವರ ಕೈಗೆ ಕೊಟ್ಟರೆ ಚಂದ. ತಕ್ಷಣ ಹಿಂದೆ ನಿಂತ ಸಹಾಯಕರಿಗೆ ದಾಟಿಸಿದರೆ ಕೊಟ್ಟ ಮಗು ಅದನ್ನು ನೋಡುತ್ತಿರುತ್ತದೆ. ಹೂಗುಚ್ಛ ಕೊಡುವುದು ಹೆಚ್ಚಾಗಿ ಮಕ್ಕಳೇ ತಾನೇ.

ಸಭೆ ಮುಗಿದ ಮೇಲಿನ ಕೆಲಸವೂ ಇದೆ. ಹಾರ, ಶಾಲು, ಹಣ್ಣನ್ನು ಬಟ್ಟೆ ಚೀಲದಲ್ಲಿ ಹಾಕಿ, ಸ್ಮರಣಿಕೆಯನ್ನು ಬೇರೆ ಕಟ್ಟಿ, ಸನ್ಮಾನಿತರ ವಾಹನದವರೆಗೆ ನಾನೇ ಒಯ್ಯುತ್ತೇನೆ. ಸನ್ಮಾನಪತ್ರದ ಗಾಜು ಒಡೆಯದಂತೆ ಶಾಲಿನಲ್ಲಿ ಸುತ್ತುವುದುಂಟು. ವೇದಿಕೆಯಲ್ಲಿ ಉಳಿದ ಹೂವನ್ನು ಗುಡಿಸುವ ಮೊದಲು ಒಂದು ಬುಟ್ಟಿಗೆ ಹೆಕ್ಕಿ, ನೂಲು, ಜರಿ ಬೇರ್ಪಡಿಸಿ, ತೆಂಗಿನ ಬುಡಕ್ಕೆ ಹಾಕಿಸುತ್ತೇನೆ. ಕಾಲಡಿಗೆ ಬಿದ್ದ ಎಸಳನ್ನು ಮಾತ್ರ ಕೈಯಿಂದಲೇ ಹೆಕ್ಕಬೇಕಾಗುತ್ತದೆ, ಪೊರಕೆಗೆ ಅದು ನೆಲಕ್ಕೆ ಅಂಟಿಕೊಂಡು ಬರುವುದಿಲ್ಲ.