ಓಟದ ಹಿಂದಿನ ರಾತ್ರಿ ಎರಡು ತಟ್ಟೆ ಅನ್ನ ಬೇಕಾ?

10ಕೆ ಓಡೋರಿಗೆ ಕಾರ್ಬ್ ಲೋಡಿಂಗ್, ಅಂದ್ರೆ ಓಟಕ್ಕೆ ಮುಂಚೆ ಅನ್ನದಂಥ ಕಾರ್ಬೋಹೈಡ್ರೇಟ್ ಜಾಸ್ತಿ ತಿಂದು ಶಕ್ತಿ ಕೂಡಿಡೋದು, ಬೇಡವೇ ಬೇಡ. ಒಂದೂವರೆ ಗಂಟೆವರೆಗಿನ ಓಟಕ್ಕೆ ಸ್ನಾಯುಗಳಲ್ಲಿ ಮೊದಲೇ ಕೂಡಿಟ್ಟಿರೋ ಕಾರ್ಬ್, ಅಂದ್ರೆ ಗ್ಲೈಕೋಜನ್ನೇ ಸಾಕು. ಫುಲ್ ಮ್ಯಾರಥಾನ್‌ನಂಥ ಅದಕ್ಕಿಂತ ಉದ್ದದ ಓಟ ಓಡೋರಿಗೆ ಮಾತ್ರ ಲೋಡಿಂಗ್‌ನ ಲಾಭ ಗೊತ್ತಾಗುತ್ತೆ. ಅದಕ್ಕೂ ಒಂದೇ ರಾತ್ರಿ ಸಾಲದು, ಕೊನೆಯ ಎರಡು ದಿನ ಬೇಕು.

ಲೆಕ್ಕ ನೋಡಿ: ಕೆಜಿ ತೂಕಕ್ಕೆ ದಿನಕ್ಕೆ 10 ಗ್ರಾಂ ಅಂದ್ರೆ 60 ಕೆಜಿಯವರಿಗೆ 600 ಗ್ರಾಂ ಕಾರ್ಬ್. ಬರೀ ಅನ್ನದಲ್ಲೇ ತಿಂದರೆ ಹದಿಮೂರು ಕಪ್! ಅದಕ್ಕೇ ಇಡ್ಲಿ, ಅವಲಕ್ಕಿ, ಬಾಳೆಹಣ್ಣು, ಬೆಲ್ಲದ ಪಾನಕ ಅಂತ ಹಂಚಿಕೊಳ್ಳಿ. ತುಪ್ಪ, ಕಾಳು, ಸೊಪ್ಪು ಕಮ್ಮಿ ಮಾಡಿ, ಇಲ್ಲಾಂದ್ರೆ ದಾರಿಯಲ್ಲೇ ಹೊಟ್ಟೆ ಕೈಕೊಡುತ್ತೆ. ಗ್ಲೈಕೋಜನ್ ನೀರನ್ನೂ ಹಿಡಿದಿಡೋದರಿಂದ ತೂಕ ಒಂದೆರಡು ಕೆಜಿ ಏರಿದರೆ ಗಾಬರಿ ಬೇಡ. ಶುಗರ್ ಇರೋರು ಡಾಕ್ಟರನ್ನ ಕೇಳದೆ ಇದಕ್ಕೆ ಕೈಹಾಕಬೇಡಿ.