ಫೋಟೊ ಮಸುಕಾದ ಪದಬಂಧ: ಮನೆ ಎಣಿಸಿ ಉತ್ತರ ಹಿಡಿಯುವುದು ಹೇಗೆ?

ವಾಟ್ಸ್ಆ್ಯಪ್‌ನಲ್ಲಿ ಬಂದ ಪದಬಂಧದ ಫೋಟೊದಲ್ಲಿ ಕಾಗದದ ಮಡಿಕೆ, ಫ್ಲಾಶ್‌ನ ಹೊಳಪು ಸೇರಿ ಮೂರನೇ ಸಾಲಿನ ಬಲಭಾಗ ಕಾಣುತ್ತಿಲ್ಲ ಎಂದುಕೊಳ್ಳಿ. ಆ ಸಾಲಿನ ಎಡ ತುದಿಯ ಮನೆಯಿಂದ ಶುರುವಾಗುವ ಪದಕ್ಕೆ 7ನೇ ಸುಳಿವು 'ಶ್ರವಣಬೆಳಗೊಳದ ಏಕಶಿಲಾ ಮೂರ್ತಿ'. ಉತ್ತರಕ್ಕೆ ಎಷ್ಟು ಅಕ್ಷರ ಎಂದು ಹೇಳುವ ಆವರಣದೊಳಗಿನ ಅಂಕಿಯೂ ಅಳಿಸಿದಂತಿದೆ.

ಮೊದಲು ಉತ್ತರಗಳನ್ನೆಲ್ಲ ಬರೆದು ಅಕ್ಷರ ಎಣಿಸಿ. ಒತ್ತಕ್ಷರ, ಕಾಗುಣಿತ, ಅನುಸ್ವಾರ ಎಲ್ಲ ಸೇರಿ ಒಂದೇ ಮನೆ. ಗೊ-ಮ್ಮ-ಟ ಮೂರು, ಬಾ-ಹು-ಬ-ಲಿ ನಾಲ್ಕು, ಗೊ-ಮ್ಮ-ಟೇ-ಶ್ವ-ರ ಐದು. ಮೂರೂ ಸರಿಯಾದ ಉತ್ತರಗಳೇ, ಆದ್ದರಿಂದ ತೀರ್ಪು ಕೊಡಬೇಕಾದದ್ದು ಮನೆಗಳ ಲೆಕ್ಕ.

ಈಗ ಚೌಕಟ್ಟನ್ನು ನೋಡಿ. ಹಲವು ಪದಬಂಧಗಳನ್ನು ತಲೆಕೆಳಗಾಗಿ ತಿರುಗಿಸಿದರೂ ಕಪ್ಪು ಮನೆಗಳು ಅದೇ ಜಾಗದಲ್ಲಿ ಬೀಳುತ್ತವೆ. ಎಲ್ಲವೂ ಹಾಗಿರುವುದಿಲ್ಲ, ಆದ್ದರಿಂದ ಸ್ಪಷ್ಟವಾಗಿ ಕಾಣುವ ಒಂದೆರಡು ಸಾಲುಗಳಲ್ಲಿ ಮೊದಲು ಪರೀಕ್ಷಿಸಿ. ಅಲ್ಲಿ ತಾಳೆಯಾಗದಿದ್ದರೆ ಈ ದಾರಿ ಬಿಡಿ. ತಾಳೆಯಾದರೆ, 9×9 ಚೌಕದ ಮೂರನೇ ಸಾಲಿಗೆ ಜೋಡಿ ಏಳನೇ ಸಾಲು. ಅದನ್ನು ಬಲದಿಂದ ಎಡಕ್ಕೆ ಓದಿ. ನಾಲ್ಕು ಬಿಳಿ ಮನೆ, ಐದನೆಯದು ಕಪ್ಪು ಎಂದಿದ್ದರೆ ಮೂರನೇ ಸಾಲಿನಲ್ಲೂ ಎಡದಿಂದ ನಾಲ್ಕೇ ಬಿಳಿ. ಬಾಹುಬಲಿ ಹೊಂದಿತು.

ಇಷ್ಟಕ್ಕೇ ಪೆನ್ನು ಎತ್ತಬೇಡಿ, ಮನೆಯ ಸಂಖ್ಯೆಯಿಂದಲೂ ತಾಳೆ ನೋಡಿ. ಎಡಕ್ಕೆ ಕಪ್ಪು ಅಥವಾ ಅಂಚು ಇದ್ದು ಬಲಕ್ಕೆ ಬಿಳಿ ಇರುವ ಮನೆಗೆ, ಮೇಲೆ ಕಪ್ಪು ಅಥವಾ ಅಂಚು ಇದ್ದು ಕೆಳಗೆ ಬಿಳಿ ಇರುವ ಮನೆಗೆ ಮಾತ್ರ ಸಂಖ್ಯೆ ಸಿಗುತ್ತದೆ. ನಮ್ಮ ಸಾಲಿನಲ್ಲಿ ಎರಡು, ಮೂರನೇ ಮನೆಗಳ ಕೆಳಗೆ ಕಪ್ಪು, ನಾಲ್ಕನೆಯದರ ಮೇಲೆ ಕಪ್ಪು, ಕೆಳಗೆ ಬಿಳಿ. ಅಂದರೆ 7ರ ನಂತರದ 8 ಈ ನಾಲ್ಕನೇ ಮನೆಯದೇ. 'ಮೇಲಿನಿಂದ ಕೆಳಕ್ಕೆ' ಪಟ್ಟಿಯಲ್ಲಿ 8 'ಬರವಣಿಗೆಯ ಅಕ್ಷರರೂಪ (2)' ಎಂದಿದ್ದರೆ ಅದು ಲಿಪಿ. 'ಲಿ' ಎರಡೂ ಪದಗಳಿಗೆ ಹೊಂದಿತು. ಗೊಮ್ಮಟೇಶ್ವರ ಆಗಿದ್ದರೆ ಆ ಮನೆಯಲ್ಲಿ 'ಶ್ವ' ಬಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಆವರಣದ ಅಂಕಿ 3 ಅಥವಾ 8ರಂತೆ ಕಂಡರೂ ಮನೆಗಳ ಲೆಕ್ಕವನ್ನೇ ನಂಬಿ. ಅಳಿಸಿದ ಸಣ್ಣಚ್ಚಿನಲ್ಲಿ ಒಂದು ಅಂಕಿ ಇನ್ನೊಂದರಂತೆ ಕಾಣಬಹುದು.

ಪದ ಹುಡುಕುವ ಆಟದಲ್ಲಿ ಕಪ್ಪು ಮನೆ ಇರುವುದಿಲ್ಲ, ಹಾಗಾಗಿ ಅಂತರವೇ ಸಾಕ್ಷಿ. ಪಟ್ಟಿಯಲ್ಲಿ 'ಮೈಸೂರು' ಇದ್ದು, ಚೌಕದಲ್ಲಿ 'ಮೈ' ಮತ್ತು 'ರು' ನಡುವೆ ಒಂದೇ ಮಸುಕಾದ ಮನೆ ಇದ್ದರೆ ಪದ ಕೂರುತ್ತದೆ, ಎರಡಿದ್ದರೆ ಬೇರೆ ಕಡೆ ಹುಡುಕಿ. ಓರೆ ಸಾಲಾದರೆ 'ಮೈ'ನಿಂದ 'ರು'ವಿಗೆ ಎರಡು ಸಾಲು ಇಳಿದಷ್ಟೇ ಎರಡು ಕಾಲಂ ಸರಿದಿರಬೇಕು. ಕಾಣುವ ಅಕ್ಷರವೂ ಮೋಸ ಮಾಡಬಹುದು: ಪ, ಷ, ಫ ಮತ್ತು ದ, ಧ ಬೇರೆಯಾಗುವುದು ಒಂದು ಸಣ್ಣ ಗೆರೆಯಿಂದ. ಅಂಥ ಮನೆಗೆ ಎರಡೂ ಅಕ್ಷರ ಪೆನ್ಸಿಲ್‌ನಲ್ಲಿ ಬರೆದಿಟ್ಟು, ಪಟ್ಟಿಯ ಉಳಿದ ಪದಗಳನ್ನೆಲ್ಲ ಹುಡುಕಿದ ಮೇಲೆ ಮತ್ತೆ ನೋಡಿ.